ತರಗತಿಯ ವಿಡಿಯೋದಿಂದ ಮಗಳ ಹೆಸರು ತೆಗೆಸಿದ ಬಗೆ

ನನ್ನ ಮಗಳ ನಾಲ್ಕನೆಯ ತರಗತಿಯ ಗಣಿತ ಪಾಠವೊಂದು ಜೂಮ್‌ನಲ್ಲಿ ನಡೆದು, ಅದರ ರೆಕಾರ್ಡಿಂಗನ್ನು ಶಾಲೆಯವರು ಯೂಟ್ಯೂಬಿಗೆ ಹಾಕಿದ್ದರು. ಅದರ ಲಿಂಕ್ ನನಗೆ ಮೊದಲು ಬಂದದ್ದು ಶಾಲೆಯಿಂದಲ್ಲ, ಶಾಲೆಗೆ ಯಾವ ಸಂಬಂಧವೂ ಇಲ್ಲದ ನನ್ನ ಚಿಕ್ಕಮ್ಮನಿಂದ. "ಪುಟ್ಟಿ ಭಿನ್ನರಾಶಿ ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡೇ" ಎಂದು ಅವರು ಸಂತೋಷದಿಂದಲೇ ಕಳುಹಿಸಿದ್ದರು. ತೆರೆದು ನೋಡಿದರೆ, ಮಗಳು ಉತ್ತರ ಹೇಳಿದಾಗಲೆಲ್ಲ ಸಮವಸ್ತ್ರ ತೊಟ್ಟ ಅವಳ ಮುಖ ಪರದೆಯನ್ನು ತುಂಬುತ್ತಿತ್ತು. ಕೆಳಗೆ ಎಡಮೂಲೆಯಲ್ಲಿ ಇನಿಷಿಯಲ್ ಸಹಿತ ಪೂರ್ಣ ಹೆಸರು, ವಿಭಾಗ, ಕ್ರಮಾಂಕ ಎಲ್ಲವೂ ಇದ್ದವು. ಹಾಜರಿಗೆ ಅನುಕೂಲವಾಗಲೆಂದು ಹಾಗೆಯೇ ಹೆಸರು ಹಾಕಿಕೊಂಡು ಬರಬೇಕೆಂದು ಶಾಲೆಯೇ ಹೇಳಿತ್ತು, ಹಾಕಿಕೊಟ್ಟವಳು ನಾನೇ.

ಅಂದೇ ತರಗತಿಯ ಶಿಕ್ಷಕಿಗೆ, "ವಿಡಿಯೋದಲ್ಲಿರುವ ನನ್ನ ಮಗಳ ಹೆಸರಿನ ಕ್ಯಾಪ್ಷನ್ ತೆಗೆಯಬೇಕೆಂದು ಕೋರುತ್ತೇನೆ" ಎಂದು ವಾಟ್ಸಾಪ್‌ನಲ್ಲಿ ಬರೆದೆ. ಸಂಜೆಯ ಹೊತ್ತಿಗೆ "ತೆಗೆದಿದ್ದೇವೆ ಮೇಡಂ" ಎಂಬ ಉತ್ತರ ಬಂತು. ಅವರು ತೆಗೆದದ್ದು ಪಾಠದ ಮಾತುಗಳಿಗೆ ಯೂಟ್ಯೂಬ್ ತಾನಾಗಿ ಕೂಡಿಸಿದ್ದ ಸಬ್‌ಟೈಟಲ್‌ಗಳನ್ನು. ಹೆಸರು ಇದ್ದಲ್ಲೇ ಇತ್ತು. ತಪ್ಪು ನನ್ನ ಮಾತಿನದೇ, ಏಕೆಂದರೆ ಯೂಟ್ಯೂಬಿನಲ್ಲಿ ಕ್ಯಾಪ್ಷನ್ ಎಂದರೆ ಸಬ್‌ಟೈಟಲ್ ಎಂದೇ ಅರ್ಥ, ಮತ್ತು ಅದನ್ನು ಒಂದು ಗುಂಡಿ ಒತ್ತಿ ಆಫ್ ಮಾಡಬಹುದು. ಜೂಮ್ ಬರೆದ ಹೆಸರು ಹಾಗಲ್ಲ; ರೆಕಾರ್ಡ್ ಆಗುವಾಗಲೇ ಅದು ಚಿತ್ರದೊಳಗೆ ಸೇರಿಹೋಗಿರುತ್ತದೆ. ಆಮೇಲೆ ಅದನ್ನು ಮಸುಕು ಮಾಡಬಹುದು, ಆ ಭಾಗವನ್ನೇ ಕತ್ತರಿಸಬಹುದು, ಅಷ್ಟೇ.

ಎರಡನೆಯ ಸಲ ಪೂರ್ತಿ ವಿಡಿಯೋ ನೋಡಿ, ಹೆಸರು ಕಾಣುವ ನಿಮಿಷಗಳನ್ನು ಗುರುತು ಹಾಕಿಕೊಂಡು, ಮುಖ್ಯೋಪಾಧ್ಯಾಯಿನಿಯವರಿಗೆ ಇಮೇಲ್ ಬರೆದು ಶಿಕ್ಷಕಿಗೂ ಒಂದು ಪ್ರತಿ ಕಳುಹಿಸಿದೆ. ಅದರ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ನಾಲ್ಕನೆಯ ತರಗತಿ 'ಬಿ' ವಿಭಾಗದ, ಕ್ರಮಾಂಕ 23ರ ವಿದ್ಯಾರ್ಥಿನಿಯ ತಾಯಿ ನಾನು. ಭಿನ್ನರಾಶಿ ಪಾಠದ ವಿಡಿಯೋದಲ್ಲಿ 12:40ರಿಂದ 13:25ರವರೆಗೆ ಹಾಗೂ 31:05ರಿಂದ 31:50ರವರೆಗೆ ಮಗಳ ಮುಖದ ಕೆಳಗೆ ಎಡಮೂಲೆಯಲ್ಲಿ ಅವಳ ಪೂರ್ಣ ಹೆಸರು ಕಾಣುತ್ತದೆ. ನಾನು ಕೇಳುತ್ತಿರುವುದು ಸಬ್‌ಟೈಟಲ್ ತೆಗೆಯುವುದನ್ನಲ್ಲ, ಚಿತ್ರದಲ್ಲೇ ಇರುವ ಈ ಬರಹವನ್ನು ಮಸುಕು ಮಾಡುವುದನ್ನು. 44:10ರಲ್ಲಿ ಹಾಜರಿದ್ದವರ ಪಟ್ಟಿ ಕೆಲವು ಕ್ಷಣ ತೆರೆದುಕೊಂಡು ಎಲ್ಲ ಮಕ್ಕಳ ಹೆಸರೂ ಕಾಣುವುದರಿಂದ ಆ ಭಾಗವನ್ನು ಕತ್ತರಿಸುವುದು ಒಳ್ಳೆಯದು. ಕೆಲಸ ಮುಗಿಯುವವರೆಗೆ ದಯವಿಟ್ಟು ವಿಡಿಯೋವನ್ನು ಪ್ರೈವೇಟ್ ಮಾಡಿಡಿ. ಪಾಠವನ್ನು ತೆಗೆದುಹಾಕಬೇಕೆಂದು ನಾನು ಕೇಳುತ್ತಿಲ್ಲ."

ಕೊನೆಯ ವಾಕ್ಯವನ್ನು ಬೇಕೆಂದೇ ಸೇರಿಸಿದೆ, ಏಕೆಂದರೆ ಒಬ್ಬರ ದೂರಿನಿಂದ ಎಲ್ಲರ ಪಾಠ ಹೋಯಿತು ಎಂಬ ಮಾತು ತರಗತಿಯ ಗುಂಪಿನಲ್ಲಿ ಹುಟ್ಟುವುದು ನನಗೆ ಬೇಡವಾಗಿತ್ತು. ಹದಿನೆಂಟು ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಪ್ರಸ್ತಾಪಿಸಲೇ ಎಂದು ಯೋಚಿಸಿ ಬಿಟ್ಟೆ. ಕಾನೂನಿನ ಹೆಸರು ಕಂಡ ಪತ್ರ ಶಿಕ್ಷಕಿಯ ಕೈಯಿಂದ ಆಡಳಿತ ಮಂಡಳಿಯ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ಹೆಸರಿಗೆ ಕೆಂಪು ಸುತ್ತು ಹಾಕಿದ ಸ್ಕ್ರೀನ್‌ಶಾಟನ್ನು ಇಮೇಲಿನಲ್ಲಿ ಮಾತ್ರ ಲಗತ್ತಿಸಿದೆ. ಅದನ್ನೇ ಗುಂಪಿಗೆ ಹಾಕಿದ್ದರೆ, ಮುಚ್ಚಬೇಕಾದ ಹೆಸರನ್ನು ನಾನೇ ಹಂಚಿದಂತಾಗುತ್ತಿತ್ತು.

ಮರುದಿನ ಶಾಲೆಯ ಕಂಪ್ಯೂಟರ್ ಶಿಕ್ಷಕರು ಫೋನ್ ಮಾಡಿದರು. ವಿಡಿಯೋವನ್ನು ಅಳಿಸಿ ತಿದ್ದಿದ ಪ್ರತಿ ಹಾಕಿದರೆ ಲಿಂಕ್ ಬದಲಾಗುತ್ತದೆ, ಎಲ್ಲರಿಗೂ ಮತ್ತೆ ಕಳುಹಿಸಬೇಕು ಎಂಬುದು ಅವರ ಚಿಂತೆಯಾಗಿತ್ತು. ಅದರ ಅಗತ್ಯ ಬೀಳಲಿಲ್ಲ. YouTube Studioದ Editorನಲ್ಲಿ Blur ಆಯ್ದು, ಅದರೊಳಗಿನ Custom blurನಿಂದ ಹೆಸರಿನ ಮೇಲೆ ಚೌಕವನ್ನು ಎಳೆದು, ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತಿಸಿದರೆ ಹಳೆಯ ಲಿಂಕಿನಲ್ಲೇ ತಿದ್ದುಪಡಿಯಾಗುತ್ತದೆ. ಹೆಸರು ಒಂದೇ ಮೂಲೆಯಲ್ಲಿ ನಿಂತಿದ್ದರಿಂದ ಚೌಕವೂ ಅಲುಗಾಡದಂತೆ ಇಡಲಾಯಿತು. ಎಲ್ಲರ ಮುಖಗಳೂ ಚಿಕ್ಕ ಚಿಕ್ಕ ಕಿಟಕಿಗಳಲ್ಲಿ ಕಾಣುವ ರೆಕಾರ್ಡಿಂಗ್ ಆಗಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಯಾರಾದರೂ ಒಳಬಂದಾಗ, ಹೊರಹೋದಾಗ ಕಿಟಕಿಗಳು ಜಾಗ ಬದಲಿಸಿ, ಹೆಸರು ಚೌಕದ ಆಚೆಗೆ ಜಾರುತ್ತದೆ. ತಿದ್ದಿ ಉಳಿಸಿದ ಮೇಲೂ ಅದು ಜಾರಿಗೆ ಬರಲು ಯೂಟ್ಯೂಬ್ ಕೆಲವು ಗಂಟೆ ತೆಗೆದುಕೊಂಡಿತು. ಅಷ್ಟರವರೆಗೆ ತೆರೆದರೆ ಕಾಣುವುದು ಹಳೆಯದೇ ಆದ್ದರಿಂದ ಪ್ರೈವೇಟ್ ಮಾಡಿಟ್ಟದ್ದು ಉಪಯೋಗಕ್ಕೆ ಬಂತು.

ಮತ್ತೆ ತೆರೆದಾಗ ಮೂರೂ ಕಡೆ ಸರಿಯಾಗಿತ್ತು, ಆದರೆ ಪ್ಲೇ ಒತ್ತುವ ಮೊದಲು ಕಾಣುವ ಮುಖಚಿತ್ರದಲ್ಲಿ ಮಗಳೂ ಅವಳ ಹೆಸರೂ ಹಾಗೇ ಇದ್ದವು. ಥಂಬ್‌ನೇಲ್ ಬೇರೆಯದೇ ಚಿತ್ರವೆಂಬುದು ನನಗೂ ಹೊಳೆದಿರಲಿಲ್ಲ. ಚಿಕ್ಕದೊಂದು ಸಂದೇಶ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಕರಿಹಲಗೆಯ ಚಿತ್ರ ಬಂತು. ಅದೇ ಸಂದೇಶದಲ್ಲಿ, ಶಾಲೆಯ ಡ್ರೈವ್‌ನಲ್ಲಿರುವ ಮೂಲ ಫೈಲನ್ನು ಯಾರೊಂದಿಗೂ ಹಂಚಬೇಡಿ ಎಂದೂ, ಜೂಮ್‌ನ ಕ್ಲೌಡ್ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ Display participants' names in the recording ಎಂಬುದರ ಗುರುತು ತೆಗೆದರೆ ಮುಂದಿನ ಪಾಠಗಳಿಗೆ ಈ ಕೆಲಸವೇ ಇರುವುದಿಲ್ಲ ಎಂದೂ ಬರೆದಿದ್ದೆ. ಚಿಕ್ಕಮ್ಮ ಫೋನಿಗೆ ಇಳಿಸಿಕೊಂಡಿದ್ದ ಪ್ರತಿಯನ್ನು ಮಾತ್ರ ಶಾಲೆಯವರು ತಿದ್ದಲಾಗುವುದಿಲ್ಲವಲ್ಲ. ಅದನ್ನು ಅಳಿಸುವಂತೆ ನಾನೇ ಫೋನ್ ಮಾಡಿ ಹೇಳಬೇಕಾಯಿತು, ಮತ್ತು ಅವರಿಗೆ ಬೇಸರವೂ ಆಯಿತು.