ಅನುವಾದ ಕಳಿಸೋ ಮುಂಚೆ 14, 15, 16 ಹಾಕಿ ನೋಡಿ

ಅನುವಾದ ಮಾಡಿದ ಸಂದೇಶವನ್ನು ಸುಮ್ನೆ ಓದಿದರೆ ತಪ್ಪು ಸಿಗಲ್ಲ. ವಾಕ್ಯ ಚೆನ್ನಾಗಿ ಹರಿಯುತ್ತಿದ್ದರೆ ಕಣ್ಣು ಮುಂದೆ ಜಾರಿಬಿಡುತ್ತೆ. ಅದಕ್ಕೇ ನಾನು ಮೊದಲು ಮೂಲದಲ್ಲಿರುವ ಅಂಕಿಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಅನುವಾದದಲ್ಲಿ ಒಂದೊಂದಾಗಿ ಟಿಕ್ ಹಾಕುತ್ತೇನೆ.

ಜಾಸ್ತಿ ಎಡವೋದು ‘ನಾಟ್ ಲೆಸ್ ದ್ಯಾನ್ 15 ಡೇಸ್’ ಥರದ ಕಡೆ. ಒಮ್ಮೆ ನನ್ನ ಕೈಗೆ ಬಂದ ಅನುವಾದದಲ್ಲಿ ‘15 ದಿನಕ್ಕಿಂತ ಕಡಿಮೆ ಅವಧಿಯಲ್ಲಿ ತಿಳಿಸಬೇಕು’ ಎಂದಿತ್ತು. ‘ನಾಟ್’ ಬಿದ್ದುಹೋಗಿ ಅರ್ಥ ಪೂರ್ತಿ ತಿರುಗಿತ್ತು. ತಿದ್ದಿದವರು ‘15 ದಿನಕ್ಕಿಂತ ಹೆಚ್ಚು’ ಎಂದು ಮಾಡಿದರು. ಅದೂ ತಪ್ಪೇ!

ಇದನ್ನು ಹಿಡಿಯೋಕೆ 14, 15, 16 ಮೂರನ್ನೂ ಹಾಕಿ ನೋಡಿ. ಮೂಲದ ಪ್ರಕಾರ 14 ಆಗಲ್ಲ, 15 ಆಗುತ್ತೆ, 16 ಕೂಡ ಆಗುತ್ತೆ. ‘15ಕ್ಕಿಂತ ಹೆಚ್ಚು’ ಎಂದರೆ 15 ಹೊರಗುಳಿಯುತ್ತೆ, ಅಲ್ವಾ? ‘ಕನಿಷ್ಠ 15 ದಿನ’ ಎಂದರೆ ಮೂರಕ್ಕೂ ಮೂಲದ ಉತ್ತರವೇ ಬರುತ್ತೆ. ‘15 ದಿನಕ್ಕಿಂತ ಕಡಿಮೆ ಇರದಂತೆ’ ಎಂದರೂ ತಪ್ಪಲ್ಲ, ಆದರೆ ಆತುರದಲ್ಲಿ ಓದುವವರಿಗೆ ‘ಕಡಿಮೆ’ ಮಾತ್ರ ಕಾಣುತ್ತೆ. ನನಗೆ ‘ಕನಿಷ್ಠ’ವೇ ವಾಸಿ. ‘ನಾಟ್ ಮೋರ್ ದ್ಯಾನ್’ ಬಂದರೆ ‘ಗರಿಷ್ಠ’.

ತಾರೀಖಿಗೂ ಇದೇ ಪರೀಕ್ಷೆ. ‘5ರೊಳಗೆ’ ಎಂದರೆ 5ನೇ ತಾರೀಖು ಸೇರುತ್ತೋ ಇಲ್ಲವೋ ಅನ್ನೋ ಗೊಂದಲ ಉಳಿಯುತ್ತೆ. ಸೇರುವುದಾದರೆ ‘5ನೇ ತಾರೀಖೂ ಸೇರಿದಂತೆ’ ಎಂದು ಬಿಡಿಸಿ ಬರೆಯಿರಿ. 03/04 ಎಂದಿದ್ದರೆ ಅದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಕಳಿಸಿದವರನ್ನೇ ಕೇಳಿ, ತಿಂಗಳ ಹೆಸರನ್ನು ಅಕ್ಷರದಲ್ಲಿ ಹಾಕಿ.