ಕರಡಿನಲ್ಲಿ ‘ಅಲೆಮಾರಿ ಸ್ವಭಾವ’ ಹೋಗಿ ‘ಮುಂಗಡ’ ಬಂತು

ಕಲಬುರಗಿ ಜಿಲ್ಲೆಯ ಒಂದು ತಾಂಡಾದಿಂದ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವ ಕುಟುಂಬಗಳ ಬಗ್ಗೆ ನಾನು ಪ್ರಬಂಧ ಬರೆಯುತ್ತಿದ್ದೆ. ಮೊದಲ ಕರಡಿನ ಒಂದು ಪ್ಯಾರಾ ಹೀಗಿತ್ತು:

“ಅಲೆಮಾರಿ ಸ್ವಭಾವದ ಲಂಬಾಣಿ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುತ್ತಾರೆ. ಹೊಲದಲ್ಲಿ ಹೆಂಗಸರು ಗಂಡಂದಿರಿಗೆ ನೆರವಾಗುತ್ತಾರೆ. ತಾಂಡಾದಲ್ಲಿ ಅಸಹಾಯಕ ಮುದುಕಿಯರು ಉಳಿಯುತ್ತಾರೆ.”

ಓದಲು ಚೆನ್ನಾಗೇ ಇದೆ ಅಲ್ವಾ? ತಿದ್ದುವಾಗ ನಾನು ಒಂದೇ ಕೆಲಸ ಮಾಡಿದೆ. ಒಂದೊಂದು ಪದಕ್ಕೂ ಗೆರೆ ಎಳೆದು, ಇದನ್ನು ಹೇಳಲು ನನ್ನ ಪ್ರಶ್ನಾವಳಿಯ ಯಾವ ಉತ್ತರ ಆಧಾರ ಅಂತ ಪಕ್ಕದಲ್ಲಿ ಬರೆದೆ.

‘ಸ್ವಭಾವ’ದ ಪಕ್ಕ ಏನೂ ಬರೆಯಲಾಗಲಿಲ್ಲ. ಸ್ವಭಾವವನ್ನು ನಾನು ಅಳೆದೇ ಇರಲಿಲ್ಲ. ಇಡೀ ಸಮುದಾಯಗಳಿಗೆ ಹುಟ್ಟುಗುಣ ಅಂಟಿಸುವ ಚಾಳಿ ನಮ್ಮಲ್ಲಿ ಹಳೆಯದು, ಬ್ರಿಟಿಷರ 1871ರ ಕಾಯ್ದೆ ಅದಕ್ಕೆ ‘ಅಪರಾಧಿ ಬುಡಕಟ್ಟು’ ಅಂತ ಮುದ್ರೆಯನ್ನೇ ಒತ್ತಿತ್ತು, 1952ರಲ್ಲಿ ಅದು ರದ್ದಾದರೂ ಮಾತಿನ ಧಾಟಿ ಉಳಿದುಕೊಂಡಿದೆ. ಉತ್ತರಗಳಲ್ಲಿ ಇದ್ದದ್ದು ಬೇರೆ: ಹೋದವರೆಲ್ಲ ಮುಕಾದಮನ, ಅಂದರೆ ಕಟಾವಿಗೆ ಕೂಲಿಯವರನ್ನು ಒಟ್ಟುಮಾಡುವ ಗುತ್ತಿಗೆದಾರನ, ಹತ್ತಿರ ಮುಂಗಡ ತೆಗೆದುಕೊಂಡವರು. ತಾಂಡಾದಲ್ಲೇ ಉಳಿದ ಲಂಬಾಣಿ ಕುಟುಂಬಗಳೂ ಇದ್ದವು. ಸ್ವಭಾವವೇ ಕಾರಣ ಆಗಿದ್ದರೆ ಅವರೂ ಹೋಗಬೇಕಿತ್ತು.

ಜಾಸ್ತಿ ಹೊತ್ತು ಹಿಡಿದದ್ದು ‘ನೆರವಾಗುತ್ತಾರೆ’. ಕಬ್ಬು ಕಟಾವಿನಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಂಗಡ ಕೊಡುವುದು ಕೊಯ್ತಾ ಲೆಕ್ಕದಲ್ಲಿ, ಕೂಲಿ ಟನ್ ಲೆಕ್ಕದಲ್ಲಿ. ಇಬ್ಬರಲ್ಲಿ ಒಬ್ಬರು ಒಂದು ದಿನ ತಪ್ಪಿಸಿದರೂ ‘ಖಾಡಾ’ ಅಂತ ದಂಡ ಬೀಳುತ್ತದೆ. ಬರೀ ನೆರವಾಗುವವಳು ರಜೆ ಹಾಕಿದರೆ ದಂಡ ಯಾಕೆ? ಅವಳು ಕಬ್ಬಿನ ಸೋಗೆ ಸವರುತ್ತಾಳೆ, ಹೊರೆ ಕಟ್ಟುತ್ತಾಳೆ, ತಲೆ ಮೇಲೆ ಹೊತ್ತು ಲಾರಿಗೆ ಏರಿಸುತ್ತಾಳೆ. ಹಣ ಮಾತ್ರ ಗಂಡನ ಕೈಗೆ ಬರುತ್ತದೆ. ‘ನೆರವು’ ಅನ್ನುವುದು ಹಣ ಯಾರ ಕೈಗೆ ಬಂತು ಅನ್ನುವುದನ್ನು ನೋಡಿ ಬರೆದ ಪದ. ಕೆಲಸವನ್ನು ನೋಡಿ ಬರೆದದ್ದಲ್ಲ.

ಒಬ್ಬ ಗಂಡಸು ನನಗೆ ಹೇಳಿದ್ದೇ ಹಾಗೆ: “ಹೆಣ್ಮಕ್ಕಳು ಕೈ ಹಚ್ತಾರ್ರೀ, ಅಷ್ಟ.” ಆ ಮಾತನ್ನು ನಾನು ಮುಟ್ಟಲಿಲ್ಲ. ಸಂದರ್ಶನದಲ್ಲಿ ಬಂದ ಮಾತು ಮಾಹಿತಿ, ಅದನ್ನು ಸೋಸಬಾರದು. ಉದ್ಧರಣ ಚಿಹ್ನೆಯೊಳಗೆ ಹಾಗೇ ಇಟ್ಟು, ಹೇಳಿದವರು ಗಂಡಸು ಅಂತ ಬರೆದು, ಅದರ ಕೆಳಗೆ ಅವರ ಹೆಂಡತಿ ಹೇಳಿದ ದಿನಚರಿ ಕೊಟ್ಟೆ. ನಾನು ತಿದ್ದಿದ್ದು ನನ್ನ ಮಾತುಗಳನ್ನು ಮಾತ್ರ.

‘ಅಸಹಾಯಕ ಮುದುಕಿಯರು’ ಬೇಗ ಮುಗಿಯಿತು. ಅವರು ಮೊಮ್ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ, ಆಡು ಮೇಯಿಸುತ್ತಾರೆ, ರೇಷನ್ ತರುತ್ತಾರೆ. ಅದನ್ನೇ ಬರೆದೆ. ‘ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು’ ತೆಗೆದು ‘ದಂಪತಿಗಳು ಮತ್ತು ಕೆಲವು ಮಕ್ಕಳು’ ಅಂತ ಮಾಡಿದೆ. ‘ಗುಳೆ’ಯನ್ನು ಜನ ಹೇಳಿದ ಕಡೆ ಇಟ್ಟುಕೊಂಡು, ನನ್ನ ವಾಕ್ಯಗಳಲ್ಲಿ ‘ಹಂಗಾಮಿ ವಲಸೆ’ ಅಂತ ಬಳಸಿದೆ.

ಆಮೇಲೆ ಇನ್ನೊಂದು ತೊಡಕು. ಭಾಷೆ ತಟಸ್ಥ ಆಗಲಿ ಅಂತ “ಮುಂಗಡ ನೀಡಲಾಗುತ್ತದೆ, ದಂಡ ಹಾಕಲಾಗುತ್ತದೆ” ಅಂತ ಬರೆದರೆ ಮುಕಾದಮ್ ಕಣ್ಮರೆ ಆಗಿಬಿಡುತ್ತಾನೆ. ಇದು ತಟಸ್ಥ ಅಲ್ಲ, ಸುಮ್ನೆ ಮರೆಮಾಚುವುದು. ‘-ಲಾಗುತ್ತದೆ’ ಬಂದ ಕಡೆಯೆಲ್ಲ “ಯಾರು?” ಅಂತ ಕೇಳಿ ಕರ್ತೃವನ್ನು ವಾಪಸ್ ತಂದೆ. ಈ ತಪಾಸಣೆ ಬಹಳ ಸಲೀಸು, ಆ ಪ್ರತ್ಯಯವನ್ನು ಕಂಪ್ಯೂಟರಿನಲ್ಲಿ ಹುಡುಕಿದರೆ ಸಾಕು.

ಕೊನೆಗೆ ಪ್ಯಾರಾ ಹೀಗಾಯ್ತು:

“ಅಧ್ಯಯನ ಮಾಡಿದ ತಾಂಡಾದಲ್ಲಿ ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ಕಬ್ಬು ಕಟಾವಿಗೆ ಹಂಗಾಮಿ ವಲಸೆ ಹೋಗುತ್ತವೆ. ದಂಪತಿಗಳು ಹೋಗುತ್ತಾರೆ, ಕೆಲವು ಮಕ್ಕಳೂ ಜೊತೆಗಿರುತ್ತಾರೆ. ಗಂಡ ಹೆಂಡತಿ ಒಂದು ಕೊಯ್ತಾ ಆಗಿ ದುಡಿಯುತ್ತಾರೆ. ಮುಕಾದಮ್ ಜೋಡಿಯ ಕೂಲಿಯನ್ನು ಗಂಡನಿಗೆ ಕೊಡುತ್ತಾನೆ. ಉಳಿದ ಮಕ್ಕಳ ಮತ್ತು ಆಡುಗಳ ಆರೈಕೆಯನ್ನು ತಾಂಡಾದಲ್ಲಿರುವ ಹಿರಿಯ ಮಹಿಳೆಯರು ಮಾಡುತ್ತಾರೆ.”

ಸಮುದಾಯದ ಹೆಸರು ಈ ಪ್ಯಾರಾದಲ್ಲಿ ಇಲ್ಲ, ನಿಜ. ಆದರೆ ಪ್ರಬಂಧದಿಂದಲೇ ಅಳಿಸಿದರೆ ಜಾತಿಯ ಪ್ರಶ್ನೆಯೇ ಹೋಗಿಬಿಡುತ್ತದೆ, ಅದು ಇನ್ನೂ ಕೆಟ್ಟದ್ದು. ಹಾಗಾಗಿ ಅಧ್ಯಯನದ ಪ್ರದೇಶ ವಿವರಿಸುವ ಭಾಗದಲ್ಲಿ ಲಂಬಾಣಿ ಸಮುದಾಯ ಅಂತ ಸ್ಪಷ್ಟವಾಗಿ ಬರೆದೆ. ‘ಪರಿಶಿಷ್ಟ ಜಾತಿ’ ಅನ್ನುವಾಗ ‘ಕರ್ನಾಟಕದಲ್ಲಿ’ ಅಂತ ಸೇರಿಸಲೇಬೇಕು, ಯಾಕೆಂದರೆ ಇದೇ ಸಮುದಾಯ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿಯ ಪಟ್ಟಿಯಲ್ಲಿ ವಿಮುಕ್ತ ಜಾತಿ.