ಕಾರ್ಖಾನೆ ಸುತ್ತ ಕಲ್ಲುಹೂವು ಎಣಿಸಿದ ನನ್ನ ಅನುಭವ

ನಾನು ಗೋವಾದ ಫೋಂಡಾ ತಾಲೂಕಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹಾವೇರಿ, ವಿಜಯಪುರ, ಕಾರವಾರ ಕಡೆಯ ಕನ್ನಡದ ಮನೆಗಳವರು ತುಂಬಾ ಜನ. ಅವರಲ್ಲಿ ಹಲವರ ಮನೆ ಇಂಡಸ್ಟ್ರಿಯಲ್ ಎಸ್ಟೇಟಿನ ಬೇಲಿಗೆ ತಾಗಿಕೊಂಡೇ ಇದೆ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫರ್ನೇಸ್ ಆಯಿಲ್ ಉರಿಸುವ ಬಾಯ್ಲರ್ ಇದೆ. ಆ ಎಣ್ಣೆಯಲ್ಲಿ ಗಂಧಕ ಜಾಸ್ತಿ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬರುತ್ತದೆ. ಈ ಅನಿಲ ಊರಿನ ಯಾವ ಮೂಲೆಗೆ ಹೋಗಿ ಬೀಳುತ್ತದೆ ಎಂದು ದುಬಾರಿ ಯಂತ್ರವಿಲ್ಲದೆ ತಿಳಿಯಬೇಕಿತ್ತು. ಅದಕ್ಕೆ ಮರದ ಮೇಲಿನ ಕಲ್ಲುಹೂವು, ಅಂದರೆ ಲೈಕೆನ್, ಮತ್ತು ಕುಂಡದ ಬೀನ್ಸ್ ಗಿಡ ಬಳಸಿದೆವು.

ಲೈಕೆನ್ ಎಂದರೆ ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿ. ಅದಕ್ಕೆ ಬೇರಿಲ್ಲ. ಎಲೆಗಳಿಗಿರುವ ಮೇಣದ ಪದರವೂ ಇಲ್ಲ, ಬೇಕಾದಾಗ ಮುಚ್ಚಿಕೊಳ್ಳುವ ರಂಧ್ರಗಳೂ ಇಲ್ಲ. ಮಳೆ, ಇಬ್ಬನಿ, ಗಾಳಿ ತಂದದ್ದನ್ನೆಲ್ಲ ಮೈತುಂಬ ಹೀರಿಕೊಳ್ಳುತ್ತದೆ. ಪ್ಯಾರಿಸ್ ನಗರದ ಉದ್ಯಾನದಲ್ಲಿ ಲೈಕೆನ್ ಕಡಿಮೆಯಾಗುತ್ತಿರುವುದಕ್ಕೂ ಹೊಗೆಗೂ ಸಂಬಂಧವಿದೆ ಎಂದು ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ 1866ರಲ್ಲೇ ಗುರುತಿಸಿದ್ದರು. ನಮ್ಮ ಸಮೀಕ್ಷೆಯ ಇಡೀ ಯೋಜನೆ ನಿಂತಿದ್ದು ಇನ್ನೊಂದು ಗುಣದ ಮೇಲೆ. ಒಣಗಿದ ಲೈಕೆನ್ ಹೆಚ್ಚುಕಮ್ಮಿ ನಿದ್ದೆಯಲ್ಲಿರುತ್ತದೆ, ಆಗ ಅನಿಲ ಅದನ್ನು ಅಷ್ಟಾಗಿ ಬಾಧಿಸದು. ಒದ್ದೆಯಾದಾಗ ಎಚ್ಚರವಾಗುತ್ತದೆ, ವಿಷ ಹೀರುವುದೂ ಆಗಲೇ. ಹಾಗಾಗಿ ಲೈಕೆನ್ ಒದ್ದೆಯಾಗಿರುವ ಹೊತ್ತಿನಲ್ಲಿ ಹೊಗೆ ಯಾವ ಕಡೆ ಹೋಗುತ್ತದೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ಇದಕ್ಕೆ ಮೊದಲ ಸುಳಿವು ಕೊಟ್ಟವರು ಒಬ್ಬ ವಿದ್ಯಾರ್ಥಿಯ ತಾಯಿ, ಹಾವೇರಿ ಕಡೆಯವರು. "ಅಕ್ಕೋರ, ಚಳಿಗಾಲದಾಗ ಮುಂಜಾನೆ ಹೊಗಿ ಮ್ಯಾಲೆ ಹೋಗೂದೇ ಇಲ್ರಿ. ನಮ್ಮ ಮನಿ ಕಡೆನ ಕುಂದರತೈತಿ. ಮಧ್ಯಾಹ್ನ ಆದ್ರ ಗುಡ್ಡದ ಕಡೆ ತಿರಗತೈತಿ" ಅಂದರು. ಅವರ ಮನೆ ಕಾರ್ಖಾನೆಯ ಪಶ್ಚಿಮಕ್ಕಿದೆ, ಗುಡ್ಡ ಪೂರ್ವಕ್ಕೆ. ಅವರು ಹೇಳಿದ್ದು ಇಲ್ಲಿನ ಗಾಳಿಯ ಚಲನೆಗೆ ಸರಿಯಾಗಿ ಹೊಂದುತ್ತದೆ. ಚಳಿಗಾಲದ ಬೆಳಗಿನ ಜಾವ ನೆಲದ ಕಡೆಯಿಂದ ಸಮುದ್ರದ ಕಡೆಗೆ ತಣ್ಣನೆಯ ಗಾಳಿ ನಿಧಾನವಾಗಿ ಹರಿಯುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುವುದರಿಂದ ಹೊಗೆ ಮೇಲೇರಲಾರದು. ಮಧ್ಯಾಹ್ನ ಸಮುದ್ರದ ಗಾಳಿ ಬಂದು ಹೊಗೆಯನ್ನು ಪೂರ್ವಕ್ಕೆ ತಳ್ಳುತ್ತದೆ. ಮಳೆಗಾಲದ ಗಾಳಿಯೂ ಪಶ್ಚಿಮ, ನೈಋತ್ಯದ್ದೇ. ಆದರೆ ಆಗ ಅದು ಜೋರಾಗಿ ಬೀಸಿ ಹೊಗೆಯನ್ನು ಚದುರಿಸುತ್ತದೆ, ಮಳೆಯೂ ತೊಳೆಯುತ್ತದೆ. ಆದ್ದರಿಂದ ಇಬ್ಬನಿ ಬಿದ್ದು ಲೈಕೆನ್ ಒದ್ದೆಯಾಗಿರುವ ಚಳಿಗಾಲದ ಮುಂಜಾನೆಯ ಹೊಗೆಯೇ ಹೆಚ್ಚು ಹಾನಿ ಮಾಡಬೇಕು, ಅದೂ ಪಶ್ಚಿಮದಲ್ಲಿ ಅಂತ ಊಹಿಸಿದೆವು. ಮಕ್ಕಳು ಬೆಳಗ್ಗೆ ಏಳಕ್ಕೂ ಮಧ್ಯಾಹ್ನ ಮೂರಕ್ಕೂ ಚಿಮಣಿಯ ಹೊಗೆ ಯಾವ ದಿಕ್ಕಿಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದರು. ಈ ಕೆಲಸವನ್ನು ಲೈಕೆನ್ ನೋಡುವುದಕ್ಕೆ ಮೊದಲೇ ಮುಗಿಸಬೇಕು. ನಂತರ ಮಾಡಿದರೆ ಕಂಡದ್ದಕ್ಕೆ ತಕ್ಕ ಹಾಗೆ ಗಾಳಿಯ ಕಥೆ ಹೊಂದಿಸುವ ಆಸೆ ಬರುತ್ತದೆ.

ಜಾಗ ಆರಿಸುವಾಗ ಕಾರ್ಖಾನೆ ಸುತ್ತ ವೃತ್ತ ಎಳೆಯಲಿಲ್ಲ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸಾಲು ಹಿಡಿದೆವು. ಪ್ರತಿ ಸಾಲಿನಲ್ಲಿ 200 ಮೀಟರ್, 500 ಮೀಟರ್, ಒಂದು ಕಿಲೋಮೀಟರ್, ಎರಡು ಕಿಲೋಮೀಟರ್ ದೂರದಲ್ಲಿ ಒಂದೊಂದು ಜಾಗ. ಜೊತೆಗೆ ಯಾವ ಕಾರ್ಖಾನೆಯೂ ಹತ್ತಿರವಿಲ್ಲದ, ಅದೇ ಎತ್ತರದ, ಅದೇ ತರಹದ ತೋಟ ಒಂದು, ಹೋಲಿಕೆಗೆ. ಕಾರ್ಖಾನೆಯ ಗೋಡೆಯ ಪಕ್ಕದಲ್ಲೇ ಹಾನಿ ಹೆಚ್ಚು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಎತ್ತರದ ಚಿಮಣಿಯ ಹೊಗೆ ಸ್ವಲ್ಪ ದೂರ ಹೋಗಿಯೇ ನೆಲ ಮುಟ್ಟುವುದು, ಸಾಮಾನ್ಯವಾಗಿ ಚಿಮಣಿಯ ಎತ್ತರದ ಹತ್ತಿಪ್ಪತ್ತು ಪಟ್ಟು ದೂರದಲ್ಲಿ. ಮೂವತ್ತು ಮೀಟರ್ ಚಿಮಣಿಗೆ ಅದು 300ರಿಂದ 600 ಮೀಟರ್ ಆಗುತ್ತದೆ. 500 ಮೀಟರಿನ ಜಾಗ ಇಟ್ಟಿದ್ದು ಅದಕ್ಕೇ.

ಮರ ಯಾವುದು ಎಂಬುದಕ್ಕೆ ತುಂಬಾ ಹೊತ್ತು ಚರ್ಚೆ ಆಯಿತು. ಎಲ್ಲ ಜಾಗದಲ್ಲೂ ಒಂದೇ ಜಾತಿಯ ಮರ ಇರಲೇಬೇಕು, ಯಾಕೆಂದರೆ ತೊಗಟೆ ಬದಲಾದರೆ ಲೈಕೆನ್ ಬದಲಾಗುತ್ತದೆ. ಇಲ್ಲಿ ಕುಳಾಗರ ಎಂದು ಕರೆಯುವ ಅಡಿಕೆ, ತೆಂಗಿನ ತೋಟಗಳಲ್ಲಿ ಅಡಿಕೆ ಮರ ಸಾಲುಸಾಲಾಗಿ ಸಿಗುತ್ತದೆ. ನೆಟ್ಟಗೆ, ನುಣುಪಾಗಿ, ಒಂದೇ ವಯಸ್ಸಿನದು. ನೋಡಿದರೆ ಅದೇ ಸರಿ ಅನಿಸುತ್ತದೆ ಅಲ್ವಾ? ಆದರೆ ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವ ಮೈಲುತುತ್ತ ಕಾಂಡದ ಗುಂಟ ಇಳಿದು ಲೈಕೆನ್ನನ್ನೂ ಕೊಲ್ಲುತ್ತದೆ. ಬಿಸಿಲಿಗೆ ಕಾಂಡ ಸೀಳದಿರಲಿ ಅಂತ ಕೆಲವರು ಸುಣ್ಣವನ್ನೂ ಬಳಿಯುತ್ತಾರೆ. ಕಾರ್ಖಾನೆಯ ಲೆಕ್ಕಕ್ಕೆ ತೋಟದ ಔಷಧಿಯ ಹಾನಿಯನ್ನು ಸೇರಿಸುವುದು ಅನ್ಯಾಯ. ಹಾಗಾಗಿ ತೆಂಗಿನ ಮರ ಆರಿಸಿಕೊಂಡೆವು. ಅದಕ್ಕೂ ಷರತ್ತು ಹಾಕಿದೆವು. ಮರ ನೆಟ್ಟಗಿರಬೇಕು, ಏಕೆಂದರೆ ಬಾಗಿದ ಮರದ ಮೇಲ್ಮೈ ಜಾಸ್ತಿ ನೆನೆಯುತ್ತದೆ. ಬುಡದಲ್ಲಿ ಗರಿ, ಕಸ ಸುಟ್ಟಿರಬಾರದು. ದೊಡ್ಡ ರಸ್ತೆಯಿಂದ ನೂರು ಮೀಟರ್ ಆದರೂ ದೂರವಿರಬೇಕು. ಬೆಳಕು ಹೆಚ್ಚುಕಮ್ಮಿ ಒಂದೇ ಥರ ಬೀಳಬೇಕು. ಇಷ್ಟು ಹೊಂದುವ, ನಕ್ಷೆಯಲ್ಲಿ ಗುರುತು ಹಾಕಿದ ಬಿಂದುವಿಗೆ ತೀರಾ ಹತ್ತಿರದ ಐದು ಮರ. ಚೆನ್ನಾಗಿ ಲೈಕೆನ್ ಇರುವ ಮರವನ್ನೇ ಕಣ್ಣು ಹುಡುಕುತ್ತದೆ, ಅದಕ್ಕೆ ಹತ್ತಿರದ ಐದು ಎಂಬ ನಿಯಮವನ್ನು ಬಿಡಲೇಬಾರದು.

ಎಣಿಸುವುದಕ್ಕೆ ಯುರೋಪಿನಲ್ಲಿ ಬಳಸುವ ಏಣಿ ವಿಧಾನ ತೆಗೆದುಕೊಂಡೆವು. ತಂತಿಯಲ್ಲಿ 10 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಚೌಕಟ್ಟು ಮಾಡಿ ಅದನ್ನು ಐದು ಚೌಕಗಳಾಗಿ ಭಾಗಿಸಿದೆವು. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಅದರ ಕೆಳತುದಿ ಬರುವಂತೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮಕ್ಕೆ ಒಂದೊಂದು ಸಲ ಹಿಡಿಯಬೇಕು. ಒಂದು ಬಗೆಯ ಲೈಕೆನ್ ಎಷ್ಟು ಚೌಕಗಳಲ್ಲಿದೆ ಎಂದು ಎಣಿಸಬೇಕು. ಒಂದು ಚೌಕದಲ್ಲಿ ಚೂರು ಇದ್ದರೂ ಒಂದು, ತುಂಬಿದ್ದರೂ ಒಂದು. ಹೀಗೆ ಒಂದು ಬಗೆಗೆ ಒಂದು ಮರದಲ್ಲಿ ಹೆಚ್ಚೆಂದರೆ 20. ಎಲ್ಲ ಬಗೆಗಳನ್ನೂ ಕೂಡಿದರೆ ಆ ಮರದ ಅಂಕ. ಜಾತಿಯ ಹೆಸರು ಗೊತ್ತಿರಬೇಕಿಲ್ಲ. ಬಿಳಿ ಹಕ್ಕಳೆ, ಕಪ್ಪು ಗೀಟಿನ ಹಕ್ಕಳೆ, ಬೂದು ಎಲೆಯಂಥದ್ದು ಅಂತ ನಾವೇ ಹೆಸರಿಟ್ಟು ಫೋಟೋ ಹಾಳೆ ಮಾಡಿಕೊಂಡೆವು. ಇಂಗ್ಲೆಂಡಿನಲ್ಲಿ 1970ರಲ್ಲಿ ಮಾಡಿದ, ಲೈಕೆನ್ ಜಾತಿ ನೋಡಿ ಗಾಳಿಗೆ ಅಂಕ ಕೊಡುವ ಪಟ್ಟಿ ಪ್ರಸಿದ್ಧವಾದದ್ದು. ನಮ್ಮ ಮರಗಳ ಮೇಲಿನ ಜಾತಿಗಳೇ ಬೇರೆ, ಅದನ್ನು ಇಲ್ಲಿ ಬಳಸಲು ಬರುವುದಿಲ್ಲ.

ತೆಂಗಿನ ಕಾಂಡದ ಮೇಲೆ ಇಟ್ಟಿಗೆ ಬಣ್ಣದ ಪುಡಿಯಂಥದ್ದು ಕಾಣುತ್ತದೆ. ಅದು ಬರಿಯ ಪಾಚಿ, ಲೆಕ್ಕಕ್ಕೆ ಸೇರಿಸಬಾರದು. ಬೆರಳಿಂದ ಉಜ್ಜಿದರೆ ಬಣ್ಣ ಬೆರಳಿಗೇ ಹತ್ತುತ್ತದೆ. ಬಿಳಿ ಹಕ್ಕಳೆ ಸುಣ್ಣದ ಕಲೆಯೋ ಲೈಕೆನ್ನೋ ಅಂತ ಸಂಶಯ ಬಂದರೆ ಒಂದು ಹನಿ ನೀರು ಹಾಕಿ ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದೆವು. ಬಿಳಿಯ ಕೆಳಗೆ ತೆಳುವಾದ ಹಸಿರು ಪದರ ಕಂಡರೆ ಅದು ಜೀವಂತ ಲೈಕೆನ್. ಬೂತಗನ್ನಡಿಯಲ್ಲಿ ಆ ಹಸಿರು ಗೀಟು ಮೊದಲ ಸಲ ಕಂಡಾಗ ಮಕ್ಕಳು ಮರದ ಹತ್ತಿರದಿಂದ ಕದಲಲೇ ಇಲ್ಲ.

ಎರಡು ಮರಗಳ ಲೆಕ್ಕ ಹೇಳುತ್ತೇನೆ. ಹೋಲಿಕೆಯ ತೋಟದ ಒಂದು ಮರದಲ್ಲಿ ಬಿಳಿ ಹಕ್ಕಳೆ 14, ಕಪ್ಪು ಗೀಟಿನದು 9, ಬೂದು ಎಲೆ 11, ಇನ್ನೊಂದು ಸಣ್ಣ ಎಲೆಯಂಥದ್ದು 5. ಒಟ್ಟು 39. ಪಶ್ಚಿಮದ 500 ಮೀಟರಿನ ಒಂದು ಮರದಲ್ಲಿ ಬಿಳಿ ಹಕ್ಕಳೆ 13, ಕಪ್ಪು ಗೀಟಿನದು 3, ಎಲೆಯಂಥವು ಸೊನ್ನೆ. ಒಟ್ಟು 16. ಬಿಳಿ ಹಕ್ಕಳೆ ಎರಡೂ ಕಡೆ ಹತ್ತಿರಹತ್ತಿರ ಅಷ್ಟೇ ಇದೆ, ವ್ಯತ್ಯಾಸದ ಹೆಚ್ಚಿನ ಪಾಲು ಬಂದಿದ್ದು ಎಲೆಯಂಥ ಬಗೆಗಳಿಂದ. ಸಾಮಾನ್ಯವಾಗಿ ತೊಗಟೆಗೆ ಅಂಟಿಕೊಂಡ ಹಕ್ಕಳೆಗಳು ಹೆಚ್ಚು ತಡೆದುಕೊಳ್ಳುತ್ತವೆ, ಎಲೆಯಂಥವು ಮತ್ತು ಗಿಡದಂತೆ ಜೋತುಬಿದ್ದವು ಬೇಗ ಹೋಗುತ್ತವೆ. ದಿಕ್ಕು ದಿಕ್ಕಿಗೆ ಅಂಕ ಬೇರೆ ಬರೆದಿಟ್ಟಿದ್ದೂ ಉಪಯೋಗಕ್ಕೆ ಬಂತು. ಮಳೆ ಪಶ್ಚಿಮದಿಂದ ಹೊಡೆಯುವುದರಿಂದ ಎಲ್ಲ ತೋಟದಲ್ಲೂ ಮರದ ಪಶ್ಚಿಮ ಮೈಯಲ್ಲಿ ಲೈಕೆನ್ ಹೆಚ್ಚು. ಅದಕ್ಕೆ ಒಂದೇ ಮರದ ಎರಡು ಮೈ ಹೋಲಿಸದೆ, ಇಲ್ಲಿನ ಪೂರ್ವ ಮೈಯನ್ನು ಹೋಲಿಕೆ ತೋಟದ ಪೂರ್ವ ಮೈ ಜೊತೆಗೇ ಇಟ್ಟು ನೋಡಿದೆವು. ಪಶ್ಚಿಮ ಸಾಲಿನಲ್ಲಿ ಕಾರ್ಖಾನೆಗೆ ಮುಖ ಮಾಡಿದ ಪೂರ್ವ ಮೈಯೇ ಹೆಚ್ಚು ಬರಿದಾಗಿತ್ತು.

ಐದೈದು ಮರಗಳ ಸರಾಸರಿ ನೋಡಿದಾಗ ಪಶ್ಚಿಮದ 500 ಮೀಟರಿನದೇ ಎಲ್ಲಕ್ಕಿಂತ ಕಡಿಮೆ. 200 ಮೀಟರಿನದು ಅದಕ್ಕಿಂತ ಸ್ವಲ್ಪ ವಾಸಿ, ಎರಡು ಕಿಲೋಮೀಟರಿಗೆ ಹೋಗುವಷ್ಟರಲ್ಲಿ ಎಲೆಯಂಥವು ಮತ್ತೆ ಕಾಣಿಸಿಕೊಂಡವು. ಪೂರ್ವದಲ್ಲಿ ಇಳಿಕೆ ಅಷ್ಟು ಸ್ಪಷ್ಟವಿರಲಿಲ್ಲ.

ಪೂರ್ವದ ಕಥೆ ಹೇಳಿದ್ದು ಬೀನ್ಸ್ ಗಿಡ. ಲೈಕೆನ್ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವುದರಿಂದ ಅದು ಹೇಳುವುದು ಹಲವು ವರ್ಷಗಳ ಮಾತು. ಈ ತಿಂಗಳು ಏನಾಯಿತು ಎಂದು ತಿಳಿಯಲು ಗಿಡ ಬೇಕು. ಒಂದೇ ಪ್ಯಾಕೆಟಿನ ಬೀಜ, ಒಂದೇ ಮಣ್ಣು, ಒಂದೇ ಅಳತೆಯ ನೀರು ಕೊಟ್ಟು ಶಾಲೆಯಲ್ಲೇ ಕುಂಡದಲ್ಲಿ ಬೆಳೆಸಿ, ಮೂರ್ನಾಲ್ಕು ಎಲೆ ಬಂದ ಮೇಲೆ ಡಿಸೆಂಬರಿನಲ್ಲಿ ಎಲ್ಲ ಜಾಗಕ್ಕೂ ಇಟ್ಟೆವು. ಸಲ್ಫರ್ ಡೈಆಕ್ಸೈಡ್ ತಾಗಿದರೆ ನರಗಳ ನಡುವಿನ ಭಾಗ ಬಿಳಿಚಿ ಒಣಗುತ್ತದೆ, ನರಗಳು ಹಸಿರಾಗೇ ಉಳಿಯುತ್ತವೆ. ಕಲೆ ಎಲೆಯ ಎರಡೂ ಬದಿಗೆ ಕಾಣುತ್ತದೆ. ಈಗತಾನೇ ಪೂರ್ತಿ ಅರಳಿದ ಎಲೆಗೇ ಜಾಸ್ತಿ, ಎಳೆಯದಕ್ಕೂ ಹಳೆಯದಕ್ಕೂ ಕಡಿಮೆ. ಅಂಚು ಮಾತ್ರ ಸುಟ್ಟಿದ್ದರೆ ನೀರಿನ ಕೊರತೆಯೋ ಉಪ್ಪೋ ಇರಬಹುದು. ಮೇಲ್ಮೈಯಲ್ಲಿ ಸಣ್ಣ ಚುಕ್ಕೆಗಳಿದ್ದರೆ ಎಲೆ ತಿರುವಿ ನುಸಿ, ಬಲೆ ಇದೆಯಾ ನೋಡಬೇಕು. ಎಲೆಯ ರಂಧ್ರಗಳು ತೆರೆದಿರುವುದು ಹಗಲಲ್ಲಿ, ಆದ್ದರಿಂದ ಗಿಡ ಹಗಲಿನ ಹೊಗೆಗೆ ಸಾಕ್ಷಿ. ಪೂರ್ವದ 500 ಮೀಟರಿನ ಕುಂಡಗಳಲ್ಲೂ ನರಗಳ ನಡುವೆ ಕಲೆ ಬಂತು, ಅಲ್ಲಿ ಲೈಕೆನ್ ಅಷ್ಟಾಗಿ ಹಾಳಾಗಿರದಿದ್ದರೂ. ಕಲೆ ಎಣಿಸಲು ಎಲೆಗಳ ಫೋಟೋಗಳನ್ನು ಜಾಗದ ಹೆಸರು ತೆಗೆದು ಬೇರೆ ತರಗತಿಯ ಮಕ್ಕಳಿಗೆ ಕೊಟ್ಟಿದ್ದೆವು.

ಇದರಿಂದ ಎಷ್ಟು ಮೈಕ್ರೋಗ್ರಾಂ ಅನಿಲ ಇದೆ ಎಂದು ಹೇಳಲಾಗದು. ಯಂತ್ರ ಎಲ್ಲಿ, ಯಾವ ಹೊತ್ತಿಗೆ ಬೇಕು ಎಂದು ಹೇಳಬಹುದು. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ ಘನಮೀಟರಿಗೆ 80 ಮೈಕ್ರೋಗ್ರಾಂ. ಮುಂಜಾನೆ ಎರಡು ಗಂಟೆ ಹೊಗೆ ಕೆಳಗೆ ಕೂತು ಆಮೇಲೆ ಗಾಳಿ ಚೊಕ್ಕವಾದರೆ ಆ ಸರಾಸರಿ ಮಿತಿಯೊಳಗೇ ಇರಬಹುದು. ಅದಕ್ಕೆ ಪಂಚಾಯಿತಿಗೆ ಕೊಟ್ಟ ಅರ್ಜಿಯಲ್ಲಿ ನಾವು ಕೇಳಿದ್ದು ಪಶ್ಚಿಮದ 500 ಮೀಟರಿನ ಜಾಗದಲ್ಲಿ, ಡಿಸೆಂಬರ್ ಮತ್ತು ಜನವರಿಯಲ್ಲಿ, ಗಂಟೆಗಂಟೆಯ ಅಳತೆ. ಅರ್ಜಿಯ ಜೊತೆ ಗಾಳಿಯ ನೋಟ್‌ಬುಕ್ಕಿನ ನಕಲು, ನಕ್ಷೆ ಮತ್ತು ಎಲ್ಲ ಮರಗಳ ಅಂಕಪಟ್ಟಿ ಲಗತ್ತಿಸಿದ್ದೇವೆ. ಮರಗಳಿಗೆ ಬಣ್ಣದಲ್ಲಿ ಅಂಕಿ ಬರೆದಿಟ್ಟಿದ್ದೇವೆ. ಅದೇ ಚೌಕಟ್ಟನ್ನು ಅದೇ ಎತ್ತರಕ್ಕೆ ಹಿಡಿದು ಮುಂದಿನ ವರ್ಷದ ಮಕ್ಕಳು ಮತ್ತೆ ಎಣಿಸುತ್ತಾರೆ.